ಗಾಳಿಯೋ, ಶಾರ್ಟ್ ಸರ್ಕ್ಯೂಟೋ, ಬೆಂಕಿಯೋ? ವಿಮೆ ಕ್ಲೇಮಿನಲ್ಲಿ ನಿಜವಾದ ಕಾರಣ ಯಾವುದು



2021ರ ಮೇ 17, ಸೋಮವಾರ. ತೌಕ್ತೆ ಚಂಡಮಾರುತ ಮುಂಬಯಿ ಕರಾವಳಿಯ ಪಕ್ಕದಿಂದ ಗುಜರಾತಿನ ಕಡೆ ಹೋದ ದಿನ ನಿಮಗೆಲ್ಲ ನೆನಪಿರಬಹುದು. ಆಗ ಕೊರೋನಾ ನಿರ್ಬಂಧ. ಥಾಣೆಯ ನಮ್ಮ ಹೊಟೇಲಿನಲ್ಲಿ ಪಾರ್ಸೆಲ್ ಮಾತ್ರ ನಡೆಯುತ್ತಿತ್ತು. ಹಾಲ್ ಬಂದ್, ಕುರ್ಚಿಗಳೆಲ್ಲ ಮೇಜಿನ ಮೇಲೆ. ಅಡಿಗೆಮನೆಯಲ್ಲಿ ಇಬ್ಬರು ಹುಡುಗರು, ಗಲ್ಲಾದಲ್ಲಿ ನಾನು.

ಮಧ್ಯಾಹ್ನದ ಹೊತ್ತಿಗೆ ಗಾಳಿ ಜೋರಾಗಿ ಅಡಿಗೆಮನೆಯ ಹಿಂಬದಿಯ ಮಾಡಿನ ನಾಲ್ಕು ತಗಡು ಒಮ್ಮೆಲೇ ಹಾರಿಹೋದವು. ಮಳೆನೀರು ಗೋಡೆಯ ಮೇಲೆ ಇಳಿಯತೊಡಗಿತು. ಆ ಗೋಡೆಯಲ್ಲೇ ನಮ್ಮ ಕರೆಂಟಿನ ಮುಖ್ಯ ಬೋರ್ಡು. ಐದು ಹತ್ತು ನಿಮಿಷದಲ್ಲಿ ಬೋರ್ಡಿನೊಳಗೆ ಚಟಚಟ ಶಬ್ದ, ಒಂದು ದೊಡ್ಡ ಬೆಳಕು, ಆಮೇಲೆ ಹೊಗೆ. ಹುಡುಗರನ್ನು ಹೊರಗೆ ಕಳಿಸಿದೆ. ಬೋರ್ಡಿನ ಬೆಂಕಿ ವಯರಿನ ಜೊತೆ ಮೇಲೆ ಹತ್ತಿ ಹಾಲಿನ ಫಾಲ್ಸ್ ಸೀಲಿಂಗಿಗೆ ಸೇರಿದ್ದು ನಮಗೆ ತಿಳಿಯಲೇ ಇಲ್ಲ. ಅಗ್ನಿಶಾಮಕದವರು ಬಂದು ನೀರು ಹೊಡೆದು ಆರಿಸುವಾಗ ಹಾಲಿನ ಅರ್ಧ ಭಾಗ ಹೋಗಿತ್ತು. ಯಾರಿಗೂ ಏನೂ ಆಗಲಿಲ್ಲ, ಅದು ದೇವರ ದಯೆ.

ಮರುದಿನ ಏಜೆಂಟರ ಮೂಲಕ ವಿಮಾ ಕಂಪನಿಗೆ ಒಂದು ಕಾಗದ ಕಳಿಸಿದೆ. ಅದರಲ್ಲಿ ಬರೆದದ್ದು ಒಂದೇ ವಾಕ್ಯ: "ಶಾರ್ಟ್ ಸರ್ಕ್ಯೂಟ್ ಆಗಿ ನಮ್ಮ ಹೊಟೇಲಿಗೆ ನಷ್ಟವಾಗಿದೆ." ಆ ಒಂದು ವಾಕ್ಯದಿಂದ ನನಗೆ ಏಳು ತಿಂಗಳ ಅಲೆದಾಟವಾಯಿತು. ಅದರ ಕತೆ ಹೇಳಿದರೆ ನಿಮಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲ ಉತ್ತರ

ಮೂರು ವಾರದ ನಂತರ ಕಂಪನಿಯಿಂದ ಕಾಗದ ಬಂತು. ನಷ್ಟಕ್ಕೆ ಕಾರಣ ಶಾರ್ಟ್ ಸರ್ಕ್ಯೂಟ್ ಎಂದು ನೀವೇ ಹೇಳಿದ್ದೀರಿ, ಪಾಲಿಸಿಯಲ್ಲಿ ಶಾರ್ಟ್ ಸರ್ಕ್ಯೂಟಿನ ನಷ್ಟವನ್ನು ಹೊರಗಿಟ್ಟಿದೆ, ಹಾಗಿರುವಾಗ ನಿಮ್ಮ ಕ್ಲೇಮನ್ನು ಏಕೆ ಪರಿಗಣಿಸಬೇಕು, ತಿಳಿಸಿ ಎಂದು ಅದರ ಸಾರಾಂಶ. ಓದಿ ಕೈಕಾಲು ತಣ್ಣಗಾಯಿತು. ಹನ್ನೆರಡು ಲಕ್ಷಕ್ಕೂ ಮಿಕ್ಕಿದ ನಷ್ಟ, ಅದೂ ವ್ಯಾಪಾರವೇ ಇಲ್ಲದ ಕಾಲದಲ್ಲಿ.

ನನ್ನ ಹೆಂಡತಿಯ ಅಣ್ಣ ಜನರಲ್ ಇನ್ಶೂರೆನ್ಸಿನ ಕ್ಲೇಮ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರಿಗೆ ಫೋನ್ ಮಾಡಿದೆ.

"ಭಾವ, ನೀವು ಎಂತ ಬರೆದದ್ದು ಅವರಿಗೆ?" ಎಂದು ಕೇಳಿದರು.

"ಶಾರ್ಟ್ ಸರ್ಕ್ಯೂಟ್ ಆಯಿತು ಅಂತ ಬರೆದೆ ಭಾವ. ಆದದ್ದೂ ಅದೇ ಅಲ್ವಾ?"

"ಸುಟ್ಟದ್ದು ಶಾರ್ಟ್ ಸರ್ಕ್ಯೂಟಾ, ಬೆಂಕಿಯಾ? ಮತ್ತೆ ಆ ಬೋರ್ಡಿಗೆ ನೀರು ಹಾಕಿದ್ದು ಯಾರು? ಸಂಜೆ ಪಾಲಿಸಿ ಹಿಡಿದುಕೊಂಡು ಕೂತುಕೊಳ್ಳಿ. ಸಣ್ಣ ಅಕ್ಷರದ ಪುಟ ಸಹ ಬೇಕು."

ಆ ಸಂಜೆ ಎರಡು ಗಂಟೆ ಫೋನಿನಲ್ಲೇ ಪಾಠ ನಡೆಯಿತು. ನನ್ನದು ಸ್ಟ್ಯಾಂಡರ್ಡ್ ಫೈರ್ ಆಂಡ್ ಸ್ಪೆಷಲ್ ಪೆರಿಲ್ಸ್ ಪಾಲಿಸಿ. ಅದರಲ್ಲಿ ಏನೇನು ಸೇರಿದೆ ಎಂಬ ಪಟ್ಟಿಯಲ್ಲಿ ಬೆಂಕಿ ಇದೆ, ಸಿಡಿಲು ಇದೆ, ಬಿರುಗಾಳಿ, ಚಂಡಮಾರುತ, ನೆರೆ ಇದೆ. ಏನೇನು ಸೇರಿಲ್ಲ ಎಂಬ ಇನ್ನೊಂದು ಪಟ್ಟಿಯಲ್ಲಿ ವಿದ್ಯುತ್ತಿನ ಸಾಲು ಇದೆ. ಅದರ ಅರ್ಥ ಹೀಗೆ: ಯಾವುದೇ ಎಲೆಕ್ಟ್ರಿಕ್ ಮೆಷಿನು, ಉಪಕರಣ, ಫಿಟಿಂಗಿಗೆ ಶಾರ್ಟ್ ಸರ್ಕ್ಯೂಟ್, ಅತಿಯಾದ ವೋಲ್ಟೇಜು, ತಾನೇ ಬಿಸಿಯಾಗುವುದು, ಕರೆಂಟು ಸೋರುವುದು ಇವುಗಳಿಂದ ಆಗುವ ಹಾನಿಗೆ ಪರಿಹಾರವಿಲ್ಲ, ಅದಕ್ಕೆ ಕಾರಣ ಏನೇ ಇರಲಿ, ಸಿಡಿಲೇ ಇರಲಿ.

ಕಂಪನಿಯ ಕಾಗದದಲ್ಲಿ ಇಷ್ಟನ್ನೇ ಎತ್ತಿ ಬರೆದಿದ್ದರು. "ಪೂರ್ಣವಿರಾಮ ಎಲ್ಲಿದೆ ನೋಡಿ, ಅಲ್ಲಿಯವರೆಗೆ ಓದಿ" ಎಂದರು ಭಾವ. ಓದಿದೆ. ವಾಕ್ಯ ಮುಗಿದಿರಲಿಲ್ಲ. ಈ ಹೊರಗಿಡುವಿಕೆ ಶಾರ್ಟ್ ಆದ ಆ ನಿರ್ದಿಷ್ಟ ಉಪಕರಣಕ್ಕೆ ಮಾತ್ರ, ಅದರಿಂದ ಹೊತ್ತಿದ ಬೆಂಕಿಯಲ್ಲಿ ಸುಟ್ಟ ಬೇರೆ ಉಪಕರಣ, ಫಿಟಿಂಗುಗಳಿಗೆ ಅನ್ವಯಿಸುವುದಿಲ್ಲ ಎಂದು ಅದೇ ವಾಕ್ಯದ ಬಾಲದಲ್ಲಿತ್ತು. ಅಂದರೆ ಬೋರ್ಡು ನನ್ನ ಪಾಲಿಗೆ ಹೋಯಿತು, ಹಾಲ್ ಹೋಗಲಿಲ್ಲ.

ಹತ್ತಿರದ ಕಾರಣ ಎಂದರೆ ಗಡಿಯಾರ ನೋಡಿ ಹೇಳುವುದಲ್ಲ

ವಿಮೆಯವರು ಇದಕ್ಕೆ ಪ್ರಾಕ್ಸಿಮೇಟ್ ಕಾಸ್ ಎನ್ನುತ್ತಾರೆ. ಕನ್ನಡದಲ್ಲಿ ಸಮೀಪದ ಕಾರಣ ಎನ್ನಬಹುದು. ಆದರೆ ಸಮೀಪ ಎಂದರೆ ಸಮಯದಲ್ಲಿ ಕೊನೆಗೆ ಬಂದದ್ದು ಎಂದಲ್ಲ. ಒಂದರಿಂದ ಒಂದಾಗಿ ನಡೆದ ಘಟನೆಗಳನ್ನು ಶುರುಮಾಡಿ, ಕೊನೆಯ ತನಕ ನಡೆಸಿಕೊಂಡು ಬಂದ ಬಲವಾದ ಕಾರಣ ಯಾವುದೋ ಅದು. ನಡುವೆ ಬೇರೆ ಕಡೆಯಿಂದ ಹೊಸ ಕಾರಣವೊಂದು ಬಂದು ಕೈ ಹಾಕಿರಬಾರದು.

ಭಾವ ಇದಕ್ಕೆ ಒಂದು ಹಡಗಿನ ಕತೆ ಹೇಳಿದರು. ಮೊದಲ ಮಹಾಯುದ್ಧದ ಕಾಲ, 1915. ಇಕಾರಿಯಾ ಎಂಬ ಇಂಗ್ಲಿಷ್ ಹಡಗಿಗೆ ಜರ್ಮನ್ ಸಬ್‌ಮರೀನು ಟಾರ್ಪೆಡೊ ಹೊಡೆಯಿತು. ಹಡಗು ಮುಳುಗಲಿಲ್ಲ. ಹೇಗೋ ಎಳೆದು ಫ್ರಾನ್ಸಿನ ಲೆ ಹಾವ್ರ್ ಬಂದರಿಗೆ ತಂದರು. ಅಲ್ಲಿ ಬಿರುಗಾಳಿ ಎದ್ದು ಹಡಗು ಧಕ್ಕೆಗೆ ಬಡಿಯತೊಡಗಿತು. ಅಲ್ಲೇ ಮುಳುಗಿದರೆ ಬಂದರು ಕಟ್ಟಿಹೋದೀತೆಂದು ಅಧಿಕಾರಿಗಳು ಅದನ್ನು ಹೊರಗಿನ ಜಾಗಕ್ಕೆ ಕಳಿಸಿದರು. ಅಲ್ಲಿ ಇಳಿತದ ಸಮಯದಲ್ಲಿ ನೆಲಕ್ಕೆ ತಾಗಿ, ಭರತದಲ್ಲಿ ತೇಲಿ, ಕೊನೆಗೆ ಮುಳುಗಿತು. ಅದರ ವಿಮೆಯಲ್ಲಿ ಸಮುದ್ರದ ಅಪಾಯ ಸೇರಿತ್ತು, ಯುದ್ಧ ಸೇರಿರಲಿಲ್ಲ. ಕೊನೆಗೆ ಮುಳುಗಿಸಿದ್ದು ಸಮುದ್ರ ಎಂದು ಮಾಲೀಕರು ವಾದಿಸಿದರು. 1918ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಟಾರ್ಪೆಡೊ ಬಿದ್ದ ಕ್ಷಣದಿಂದ ಆ ಹಡಗು ಅಪಾಯದಿಂದ ಹೊರಗೆ ಬರಲೇ ಇಲ್ಲ, ಆದ್ದರಿಂದ ಕಾರಣ ಟಾರ್ಪೆಡೊ ಎಂದು ತೀರ್ಪಾಯಿತು. ಮಾಲೀಕರಿಗೆ ಹಣ ಸಿಗಲಿಲ್ಲ.

ನಮ್ಮ ದೇಶದ್ದೇ ಇನ್ನೊಂದು ತೀರ್ಪು ಇದೆ, ಅದು ನನ್ನ ವಿಷಯಕ್ಕೆ ಇನ್ನೂ ಹತ್ತಿರ. ಗೋವಾದ ಜುವಾರಿ ಗೊಬ್ಬರದ ಕಾರ್ಖಾನೆಯಲ್ಲಿ 1999ರ ಜನವರಿಯಲ್ಲಿ ಮುಖ್ಯ ಸ್ವಿಚ್ ಬೋರ್ಡಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಕ್ಷಣಮಾತ್ರ ಬೆಂಕಿ ಚಿಮ್ಮಿತು. ಅದರಿಂದ ಕಾರ್ಖಾನೆಯ ಕರೆಂಟು ನಿಂತಿತು. ಕರೆಂಟು ನಿಂತದ್ದರಿಂದ ಬಾಯ್ಲರಿಗೆ ನೀರು ನಿಂತಿತು. ಬಿಸಿ ಗಾಳಿ ಮಾತ್ರ ಬಾಯ್ಲರಿನೊಳಗೆ ಹೋಗುತ್ತಲೇ ಇತ್ತು. ನೀರಿಲ್ಲದೆ ಬಾಯ್ಲರ್ ಹಾಳಾಯಿತು. ಬಾಯ್ಲರನ್ನು ಬೆಂಕಿ ಮುಟ್ಟಲೇ ಇಲ್ಲ, ಬೆಂಕಿ ಇದ್ದದ್ದೂ ಒಂದು ಕ್ಷಣ, ಆದ್ದರಿಂದ ಇದು ಬೆಂಕಿಯ ನಷ್ಟವಲ್ಲ ಎಂದು ವಿಮಾ ಕಂಪನಿ ಹೇಳಿತು. ನ್ಯೂ ಇಂಡಿಯಾ ಅಶ್ಯೂರೆನ್ಸ್ ಮತ್ತು ಜುವಾರಿ ಇಂಡಸ್ಟ್ರೀಸ್ ನಡುವಿನ ಈ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಬೆಂಕಿ ಎಷ್ಟು ಹೊತ್ತು ಇತ್ತು ಎಂಬುದು ಮುಖ್ಯವಲ್ಲ, ಘಟನೆಗಳ ಸಾಲನ್ನು ಹೊರಡಿಸಿದ್ದು ಅದೇ, ನಡುವೆ ಸಾಲು ತುಂಡಾಗಿಲ್ಲ, ಆದ್ದರಿಂದ ಕಂಪನಿ ಹಣ ಕೊಡಬೇಕು ಎಂದು ಕೋರ್ಟು ಹೇಳಿತು.

"ನಿಮ್ಮ ಹಾಲ್ ಕ್ಷಣ ಅಲ್ಲ, ಒಂದು ಗಂಟೆ ಉರಿದಿದೆ. ಹೆದರಬೇಡಿ, ಆದರೆ ಲೆಕ್ಕ ಸರಿಯಾಗಿ ಬರೆಯಿರಿ" ಎಂದರು ಭಾವ.

ಆರು ಗುಂಪು

ಭಾವ ಹೇಳಿದಂತೆ ನಷ್ಟದ ಪಟ್ಟಿಯನ್ನು ಒಟ್ಟಾಗಿ ಬರೆಯುವ ಬದಲು, ಯಾವುದರಿಂದ ಏನು ಹೋಯಿತು ಎಂದು ಬೇರೆ ಬೇರೆ ಗುಂಪು ಮಾಡಿದೆವು. ಸವಕಳಿ ಕಳೆದ ಮೇಲಿನ ಅಂಕಿಗಳನ್ನು ಇಲ್ಲಿ ಕೊಡುತ್ತೇನೆ.

1. ಹಾರಿಹೋದ ಮಾಡು, ತಗಡು, ಅದರ ಕಬ್ಬಿಣ: 90,000 ರೂಪಾಯಿ
2. ಶಾರ್ಟ್ ಆದ ಮುಖ್ಯ ಬೋರ್ಡು: 65,000
3. ಸುಟ್ಟ ಫಾಲ್ಸ್ ಸೀಲಿಂಗ್, ಎರಡು ಏಸಿ, ಮೇಜು ಕುರ್ಚಿ, ಹಾಲಿನ ವಯರಿಂಗ್: 8,60,000
4. ಅಗ್ನಿಶಾಮಕದ ನೀರಿನಲ್ಲಿ ನೆನೆದ ಅಕ್ಕಿ, ಬೇಳೆ, ಸಕ್ಕರೆ, ಪ್ಯಾಕಿಂಗ್ ಡಬ್ಬಿಗಳು: 1,50,000
5. ಡೀಪ್ ಫ್ರೀಜರಿನ ಸುಟ್ಟ ಮೋಟಾರು: 28,000
6. ಕಳುವಾದ ಹಿತ್ತಾಳೆ, ತಾಮ್ರದ ಪಾತ್ರೆಗಳು: 35,000

ಒಟ್ಟು 12,28,000.

ಒಂದನೆಯದರಲ್ಲಿ ವಾದವೇ ಇಲ್ಲ. ಗಾಳಿ ನೇರವಾಗಿ ಮಾಡಿದ ಹಾನಿ, ಗಾಳಿ ಪಾಲಿಸಿಯಲ್ಲಿದೆ. ಎರಡನೆಯದು ನಾನು ಮೇಲೆ ಹೇಳಿದ ಬೋರ್ಡು. ನೀರು ಬಿದ್ದದ್ದು ಗಾಳಿಯಿಂದಲ್ಲವೇ, ಗಾಳಿಯ ಲೆಕ್ಕದಲ್ಲಿ ಕೊಡಿ ಎಂದು ನಾನು ಕೇಳಿ ನೋಡಿದೆ. ಆದರೆ ಪಾಲಿಸಿಯ ಸಾಲಿನಲ್ಲಿ "ಕಾರಣ ಏನೇ ಇರಲಿ" ಎಂಬ ಮಾತಿದೆ. ಹಿಂದಿನ ಕಾರಣ ಗಾಳಿಯೇ ಆದರೂ, ಬೋರ್ಡು ಹಾಳಾದದ್ದು ಶಾರ್ಟ್ ಆಗಿ. ಆ ಬಾಗಿಲನ್ನು ಪಾಲಿಸಿಯೇ ಮುಚ್ಚಿದೆ. ಭಾವ ಮೊದಲೇ ಹೇಳಿದ್ದರು, ಅದಕ್ಕೆ ಜಗಳ ಮಾಡಬೇಡಿ, ಮಾಡಿದರೆ ಉಳಿದದ್ದರ ಮೇಲೂ ಸಂಶಯ ಬರುತ್ತದೆ ಎಂದು.

ಮೂರನೆಯದರಲ್ಲಿಯೇ ನಿಜವಾದ ಜಗ್ಗಾಟ ಆದದ್ದು. ಸರ್ವೇಯರು ಬಂದು ನೋಡಿ, ಬೋರ್ಡು, ವಯರಿಂಗು, ಏಸಿ ಎಲ್ಲ ಸೇರಿ ಒಂದೇ ಎಲೆಕ್ಟ್ರಿಕ್ ವ್ಯವಸ್ಥೆ, ಎಲ್ಲವೂ ಶಾರ್ಟಿನಿಂದಲೇ ಹೋಗಿದೆ ಎಂದರು. ಹಾಗೆ ಒಪ್ಪಿದ್ದರೆ ಏಸಿ ಮತ್ತು ವಯರಿಂಗಿನ ಎರಡೂವರೆ ಲಕ್ಷ ಹೋಗುತ್ತಿತ್ತು. ನಮ್ಮ ಎಲೆಕ್ಟ್ರಿಷಿಯನ್ನು ಅವರಿಗೆ ಒಂದೊಂದಾಗಿ ತೋರಿಸಿದ. ಬೋರ್ಡಿನೊಳಗೆ ತಾಮ್ರದ ತುದಿಗಳು ಕರಗಿ ಸಣ್ಣ ಗುಂಡುಗಳಾಗಿದ್ದವು, ಅದು ಕಿಡಿ ಹಾರಿದ ಗುರುತು. ಸೀಲಿಂಗಿನ ವಯರುಗಳಲ್ಲಿ ಅಂಥ ಗುಂಡು ಇರಲಿಲ್ಲ, ಮೇಲಿನ ಸಿಪ್ಪೆ ಮಾತ್ರ ಉದ್ದಕ್ಕೂ ಒಂದೇ ರೀತಿ ಸುಟ್ಟಿತ್ತು, ಒಳಗಿನ ತಾಮ್ರ ಹಾಗೇ ಇತ್ತು. ಏಸಿಯ ಪ್ಲಾಸ್ಟಿಕ್ ಮೇಲಿನಿಂದ ಕೆಳಗೆ ಕರಗಿ ಇಳಿದಿತ್ತು. ಒಳಗಿನ ಮೋಟಾರಿಗೆ ಮೆಗ್ಗರ್ ಹಾಕಿ ನೋಡಿದರೆ ವೈಂಡಿಂಗ್ ಸರಿ ಇತ್ತು. ಒಳಗಿನಿಂದ ಸುಟ್ಟಿದ್ದರೆ ಮೊದಲು ಹೋಗುವುದು ವೈಂಡಿಂಗ್. ಅಂದರೆ ಇವು ಶಾರ್ಟ್ ಆಗಿ ಸುಟ್ಟವಲ್ಲ, ಹೊರಗಿನ ಬೆಂಕಿಯಿಂದ ಸುಟ್ಟವು. ಸರ್ವೇಯರು ಫೋಟೋ ತೆಗೆದುಕೊಂಡರು. ಅವರ ಬಗ್ಗೆ ಒಂದು ಮಾತು ಹೇಳಲೇಬೇಕು, ಕಣ್ಣಿಗೆ ಕಂಡದ್ದನ್ನು ಅವರು ವರದಿಯಲ್ಲಿ ಮುಚ್ಚಿಡಲಿಲ್ಲ. ಬೋರ್ಡೊಂದನ್ನೇ ಹೊರಗಿಟ್ಟರು.

ಇಲ್ಲೊಂದು ಎಚ್ಚರಿಕೆ. ತಾಮ್ರದ ಗುಂಡು ಕಂಡ ಮಾತ್ರಕ್ಕೆ ಬೆಂಕಿ ಅಲ್ಲಿಂದಲೇ ಶುರುವಾಯಿತು ಎಂದು ಹೇಳಲಾಗದು. ಕರೆಂಟು ಇರುವ ವಯರಿನ ಸಿಪ್ಪೆ ಬೆಂಕಿಯಲ್ಲಿ ಸುಟ್ಟರೂ ಆಮೇಲೆ ಶಾರ್ಟ್ ಆಗಿ ಗುಂಡು ಬರುತ್ತದೆ. ಆದ್ದರಿಂದ ಅಗ್ನಿಶಾಮಕದ ವರದಿ, ಗೋಡೆಯ ಮೇಲಿನ ಮಸಿಯ ಗುರುತು, ಕಣ್ಣಾರೆ ಕಂಡವರ ಹೇಳಿಕೆ ಎಲ್ಲವೂ ಒಂದಕ್ಕೊಂದು ಹೊಂದಬೇಕು. ನನ್ನದರಲ್ಲಿ ಮಸಿ ಬೋರ್ಡಿನ ಮೇಲಿನಿಂದ ಬೀಸಣಿಗೆಯ ಆಕಾರದಲ್ಲಿ ಮೇಲೆ ಹರಡಿತ್ತು, ಅದು ನೆರವಾಯಿತು.

ನಾಲ್ಕನೆಯದು ನೀರಿನ ಹಾನಿ. ಅಕ್ಕಿ ಸುಟ್ಟಿಲ್ಲ, ನೆನೆದಿದೆ. ಆದರೆ ಬೆಂಕಿ ಆರಿಸಲು ಹೊಡೆದ ನೀರಿನ ಹಾನಿ ಬೆಂಕಿಯ ಹಾನಿಯೇ. ಬೆಂಕಿ ಇದ್ದದ್ದಕ್ಕೆ ನೀರು ಹೊಡೆದರು, ನಡುವೆ ಹೊಸ ಕಾರಣ ಏನೂ ಬರಲಿಲ್ಲ. ಇದಕ್ಕೆ ಸರ್ವೇಯರು ತಕರಾರು ಮಾಡಲಿಲ್ಲ. ಮಾಡಿನ ತೂತಿನಿಂದ ಬಿದ್ದ ಮಳೆನೀರು ಯಾವುದು, ಪೈಪಿನ ನೀರು ಯಾವುದು ಎಂದು ಮಾತ್ರ ಕೇಳಿದರು. ನಮ್ಮ ಪಾಲಿಸಿಯಲ್ಲಿ ಎರಡೂ ಸೇರಿದ್ದರಿಂದ ತೊಂದರೆಯಾಗಲಿಲ್ಲ.

ಸಾಲು ತುಂಡಾಗುವುದು ಎಲ್ಲಿ

ಐದನೆಯ ಫ್ರೀಜರು ಇದ್ದದ್ದು ಅದೇ ಕಟ್ಟಡದ ಎರಡು ಗಾಳೆ ಆಚೆಯ ನಮ್ಮ ಗೋದಾಮಿನಲ್ಲಿ, ಬೇರೆ ಮೀಟರಿನಲ್ಲಿ. ಬೆಂಕಿಯ ಕಾರಣ ಇಡೀ ಕಟ್ಟಡದ ಕರೆಂಟು ತೆಗೆದಿದ್ದರು. ಮರುದಿನ ಸಂಜೆ ಕರೆಂಟು ಬಂದಾಗ ವೋಲ್ಟೇಜು ಏರಿಳಿದು ಮೋಟಾರು ಸುಟ್ಟಿತು. ಬೆಂಕಿ ಆಗದಿದ್ದರೆ ಕರೆಂಟು ತೆಗೆಯುತ್ತಿರಲಿಲ್ಲ, ತೆಗೆಯದಿದ್ದರೆ ಮೋಟಾರು ಹೋಗುತ್ತಿರಲಿಲ್ಲ, ಗೋವಾದ ಬಾಯ್ಲರಿನ ಹಾಗೆಯೇ ಅಲ್ಲವೇ ಎಂದು ನಾನು ಭಾವನಲ್ಲಿ ಕೇಳಿದೆ.

"ಅಲ್ಲ" ಎಂದರು. "ಬಾಯ್ಲರ್ ಹೋದದ್ದು ಕರೆಂಟು ನಿಂತ ಕಾರಣ, ನೀರು ನಿಂತು. ನಿಮ್ಮ ಮೋಟಾರು ಹೋದದ್ದು ಕರೆಂಟು ನಿಂತದ್ದಕ್ಕಲ್ಲ, ಮರುದಿನ ಕೆಟ್ಟ ವೋಲ್ಟೇಜು ಬಂದದ್ದಕ್ಕೆ. ಅದು ಹೊಸ ಕಾರಣ. ಅದೂ ಪಾಲಿಸಿ ಹೊರಗಿಟ್ಟ ಕಾರಣ. ಮೋಟಾರಿನಿಂದ ಬೆಂಕಿ ಎದ್ದು ಗೋದಾಮು ಸುಟ್ಟಿದ್ದರೆ ಗೋದಾಮಿಗೆ ಸಿಗುತ್ತಿತ್ತು, ಆಗಲೂ ಮೋಟಾರಿಗೆ ಇಲ್ಲ." ಇಂಥ ಮೋಟಾರು, ಕಂಪ್ರೆಸರುಗಳಿಗೆ ಮೆಷಿನರಿ ಬ್ರೇಕ್‌ಡೌನ್ ಎಂಬ ಬೇರೆ ವಿಮೆ ಬೇಕು. ಅದು ನನ್ನಲ್ಲಿ ಇರಲಿಲ್ಲ.

ಆರನೆಯದು ಕಳವು. ಸುಟ್ಟ ಶಟರು ಪೂರ್ತಿ ಮುಚ್ಚುತ್ತಿರಲಿಲ್ಲ. ಎರಡನೇ ರಾತ್ರಿ ಯಾರೋ ನುಗ್ಗಿ ಹಳೇ ಪಾತ್ರೆಗಳನ್ನು ಕೊಂಡುಹೋದರು. ಅವುಗಳಲ್ಲಿ ನನ್ನ ತಂದೆಯವರ ಕಾಲದ ಎರಡು ಹಂಡೆ ಇದ್ದವು, ಅದರ ಬೇಸರ ಈಗಲೂ ಇದೆ. ಬೆಂಕಿ ಕಳ್ಳನಿಗೆ ದಾರಿ ಮಾಡಿಕೊಟ್ಟದ್ದು ಹೌದು, ಆದರೆ ಕದ್ದದ್ದು ಬೆಂಕಿಯಲ್ಲ. 1865ರಷ್ಟು ಹಿಂದೆಯೇ ಇಂಗ್ಲೆಂಡಿನ ಒಂದು ಅಂಗಡಿಯ ಗಾಜಿನ ವಿಮೆಯಲ್ಲಿ ಇದು ತೀರ್ಮಾನವಾಗಿದೆ. ನೆರೆಮನೆಗೆ ಬೆಂಕಿ ಬಿದ್ದಾಗ ಸೇರಿದ ಗುಂಪು ಲೂಟಿಗೆಂದು ಅಂಗಡಿಯ ಗಾಜು ಒಡೆಯಿತು. ಗಾಜಿಗೆ ಕಾರಣ ಗುಂಪು, ಬೆಂಕಿಯಲ್ಲ ಎಂದು ಕೋರ್ಟು ಹೇಳಿತು. ನಮ್ಮ ಫೈರ್ ಪಾಲಿಸಿಯಲ್ಲಂತೂ ಬೆಂಕಿಯ ಹೊತ್ತಿನಲ್ಲಿ ಅಥವಾ ಆಮೇಲೆ ಆದ ಕಳವಿಗೆ ಪರಿಹಾರವಿಲ್ಲ ಎಂದು ಅಚ್ಚಾಗಿಯೇ ಇದೆ. ನನ್ನ ಹಂಡೆ ಹೋಯಿತು.

ಬೇಕಾದಾಗ ಒಂದು, ಬೇಡವಾದಾಗ ಇನ್ನೊಂದು ಆಗದು

ಈಗ ಉಳಿದದ್ದು ಒಂದು, ಮೂರು, ನಾಲ್ಕು. ಕೂಡಿಸಿದರೆ 11,00,000. ನನ್ನ ವಿಮಾ ಮೊತ್ತ ಸಾಕಷ್ಟು ಇದ್ದುದರಿಂದ ಕಡಿಮೆ ವಿಮೆ ಎಂದು ಪ್ರಮಾಣದಲ್ಲಿ ಕತ್ತರಿಸುವ ಪ್ರಸಂಗ ಬರಲಿಲ್ಲ. ಇನ್ನು ಪೂರ್ತಿ ಚೆಕ್ ಬರುತ್ತದೆ ಎಂದುಕೊಂಡೆ. ಬಂದದ್ದು 10,45,000. 55,000 ಕಡಿಮೆ.

ಇದೂ ಕಾರಣದ ಲೆಕ್ಕವೇ. ಪ್ರತಿ ಕ್ಲೇಮಿನಲ್ಲಿ ಮೊದಲ ಸ್ವಲ್ಪ ಭಾಗವನ್ನು ನಾವೇ ಹೊರಬೇಕು, ಅದಕ್ಕೆ ಎಕ್ಸೆಸ್ ಎನ್ನುತ್ತಾರೆ. ನನ್ನ ಪಾಲಿಸಿಯಲ್ಲಿ ಬೆಂಕಿಯಂಥ ನಷ್ಟಕ್ಕೆ ಎಕ್ಸೆಸ್ 10,000 ರೂಪಾಯಿ. ಸಿಡಿಲು, ಬಿರುಗಾಳಿ, ನೆರೆಯಂಥ ದೈವಿಕ ಕಾರಣದ ನಷ್ಟಕ್ಕೆ ಕ್ಲೇಮಿನ ಶೇಕಡಾ 5, ಕನಿಷ್ಠ 10,000. ಕಂಪನಿಯವರು ಎಲ್ಲವನ್ನೂ ಗಾಳಿಯ ನಷ್ಟವೆಂದು ತೆಗೆದುಕೊಂಡು 11 ಲಕ್ಷದ ಶೇಕಡಾ 5 ಕಳೆದಿದ್ದರು. ಮಾಡಿನ 90,000ವನ್ನು ಗಾಳಿಗೆ, ಉಳಿದ 10,10,000ವನ್ನು ಬೆಂಕಿಗೆ ಹಾಕಿದ್ದರೆ ಎರಡು ಸಲ ಹತ್ತು ಸಾವಿರ, ಒಟ್ಟು 20,000 ಮಾತ್ರ ಹೋಗುತ್ತಿತ್ತು. ವ್ಯತ್ಯಾಸ 35,000.

ನಾನು ಸಿಟ್ಟಿನಿಂದ ಭಾವನಿಗೆ ಫೋನ್ ಮಾಡಿದೆ. ಅವರು ನಕ್ಕರು. "ಭಾವ, ಗಾಳಿಯಿಂದ ನೀರು, ನೀರಿನಿಂದ ಶಾರ್ಟು, ಶಾರ್ಟಿನಿಂದ ಬೆಂಕಿ, ನಡುವೆ ಎಲ್ಲೂ ತುಂಡಾಗಿಲ್ಲ ಅಂತ ಎರಡನೇ ಕಾಗದದಲ್ಲಿ ಬರೆದದ್ದು ಯಾರು?"

ಬರೆದದ್ದು ನಾನೇ. ಸಾಲು ಮುರಿದಿಲ್ಲ ಎಂದು ವಾದಿಸಿದ ಮೇಲೆ ಆ ಸಾಲಿನ ತಲೆಯಲ್ಲಿ ಗಾಳಿ ಇದೆ ಎಂಬುದನ್ನೂ ಒಪ್ಪಬೇಕು. ಬೆಂಕಿಯೇ ಪ್ರತ್ಯೇಕ ಕಾರಣ ಎಂದು ವಾದ ಮಾಡಲು ಜಾಗ ಇತ್ತು ಎಂದು ಭಾವ ಹೇಳಿದರು. ಆದರೆ 35,000ಕ್ಕಾಗಿ ಇನ್ನೊಂದು ವರ್ಷ ಅಲೆಯುವುದು ನನಗೆ ಬೇಡವಾಯಿತು. ಸಹಿ ಹಾಕಿದೆ. ಈಗ ಯೋಚಿಸಿದರೆ, ಎರಡನೇ ಕಾಗದದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದು ಕಾರಣದ ತೀರ್ಮಾನವನ್ನು ಅವರಿಗೇ ಬಿಟ್ಟಿದ್ದರೆ, ಕೊನೆಗೆ ಎಕ್ಸೆಸ್ ಬಗ್ಗೆ ಕೇಳಲು ನನಗೆ ಬಾಯಿ ಇರುತ್ತಿತ್ತು.

ಗಾಳಿಯ ಭಾಗ ಕಡಿಸಿಕೊಂಡವರು

ಇದನ್ನು ಓದಿ ಕೆಲವರಿಗೆ ಇನ್ನೊಂದು ಸಂಶಯ ಬರಬಹುದು. ಹಿಂದೆ ಪ್ರೀಮಿಯಂ ಉಳಿಸಲೆಂದು ಗಾಳಿ, ನೆರೆಯ ಭಾಗವನ್ನು ಪಾಲಿಸಿಯಿಂದ ತೆಗೆಸಿದವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ನನಗೆ ಆದದ್ದೇ ಅವರಿಗೆ ಆದರೆ ಹೇಗೆ?

ಇಲ್ಲಿ ಎರಡು ಮಾತುಗಳನ್ನು ಬೇರೆ ಮಾಡಿ ತಿಳಿಯಬೇಕು. ವಿಮೆಯಲ್ಲಿ ಸೇರದಿರುವುದು ಬೇರೆ, ಹೊರಗಿಟ್ಟದ್ದು ಬೇರೆ. ಗಾಳಿಯನ್ನು ತೆಗೆಸಿದರೆ ಅದು ಸೇರದಿರುವ ಕಾರಣವಾಗುತ್ತದೆ. ಗಾಳಿ ಹಾರಿಸಿದ ಮಾಡಿಗೆ ಹಣವಿಲ್ಲ. ಆದರೆ ಅದರ ಹಿಂದೆ ಬೆಂಕಿ ಬಂದರೆ, ಬೆಂಕಿ ವಿಮೆಯಲ್ಲಿರುವ ಕಾರಣ, ಬೆಂಕಿ ಮಾಡಿದ ಹಾನಿಗೆ ಕೇಳಬಹುದು ಎಂಬುದು ವಿಮೆಯ ಪಾಠದಲ್ಲಿರುವ ನಿಯಮ. ಯುದ್ಧದ ಹಾಗೆ ಪಾಲಿಸಿ ಹೆಸರು ಹೇಳಿ ಹೊರಗಿಟ್ಟ ಕಾರಣದಿಂದಲೇ ಬೆಂಕಿ ಬಂದರೆ ಆ ಬೆಂಕಿಗೂ ಇಲ್ಲ. ಇಕಾರಿಯಾ ಹಡಗಿಗೆ ಆದದ್ದು ಇದೇ. ಆದರೆ ನಿಯಮ ಇದೆ ಎಂದು ಧೈರ್ಯ ಮಾಡಬೇಡಿ. ಮಳೆನೀರಿನಲ್ಲಿ ನೆನೆದ ಅಕ್ಕಿ, ಪೈಪಿನ ನೀರಿನಲ್ಲಿ ನೆನೆದ ಅಕ್ಕಿ ಎಂದು ಮೂಟೆ ಮೂಟೆ ಬೇರೆ ಮಾಡಿ ತೋರಿಸುವ ಕೆಲಸ ಆಗ ನಿಮ್ಮ ತಲೆಗೆ ಬರುತ್ತದೆ.

2021ರ ಏಪ್ರಿಲ್ 1ರಿಂದ ಒಂದೇ ಜಾಗದಲ್ಲಿ 5 ಕೋಟಿವರೆಗಿನ ಆಸ್ತಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಪಾಲಿಸಿ ಬಂದಿದೆ. ನಮ್ಮ ಹೆಚ್ಚಿನ ಹೊಟೇಲುಗಳು ಇದರಲ್ಲೇ ಬರುತ್ತವೆ. ಇದರ ಪಟ್ಟಿಯಲ್ಲಿ ಬೆಂಕಿಯ ಜೊತೆ ಬಿರುಗಾಳಿಯೂ ಇದೆ. ಆದರೆ ಶಾರ್ಟ್ ಆದ ಉಪಕರಣಕ್ಕೆ ಕೊಡುವುದಿಲ್ಲ ಎಂಬ ಸಾಲು ಇದರಲ್ಲೂ ಇದೆ.

ಮೊದಲ ಕಾಗದ ಹೇಗಿರಬೇಕು

ಭಾವ ನನಗೆ ಬರೆಸಿದ ರೀತಿ ಹೇಳುತ್ತೇನೆ. ಕಾರಣದ ಹೆಸರು ಬರೆಯುವ ಮೊದಲು ನಡೆದದ್ದನ್ನು ಗಂಟೆಯ ಪ್ರಕಾರ ಬರೆಯಬೇಕು. "ಇಂಥ ದಿನ ಇಷ್ಟು ಗಂಟೆಗೆ ಬಿರುಗಾಳಿಗೆ ಮಾಡಿನ ತಗಡು ಹಾರಿತು. ಮಳೆನೀರು ಮುಖ್ಯ ಬೋರ್ಡಿಗೆ ಇಳಿಯಿತು. ಬೋರ್ಡಿನಲ್ಲಿ ಕಿಡಿ ಕಂಡಿತು. ಅಲ್ಲಿಂದ ಬೆಂಕಿ ಹಾಲಿಗೆ ಹಬ್ಬಿತು. ಅಗ್ನಿಶಾಮಕದವರು ಇಷ್ಟು ಗಂಟೆಗೆ ಆರಿಸಿದರು. ಬೆಂಕಿಯಿಂದ, ನೀರಿನಿಂದ, ಗಾಳಿಯಿಂದ ಆದ ಹಾನಿಯ ಪಟ್ಟಿಯನ್ನು ಬೇರೆ ಬೇರೆಯಾಗಿ ಕಳಿಸುತ್ತೇವೆ." ಇಷ್ಟು ಸಾಕು. ಇದರಲ್ಲಿ ಸುಳ್ಳೂ ಇಲ್ಲ, ಮುಚ್ಚಿಟ್ಟದ್ದೂ ಇಲ್ಲ. ಶಾರ್ಟ್ ಸರ್ಕ್ಯೂಟ್ ಎಂಬ ಮಾತನ್ನು ಅಡಗಿಸಲು ಹೋಗಬೇಡಿ, ಅಗ್ನಿಶಾಮಕದ ವರದಿಯಲ್ಲಿ ಅದು ಬಂದೇ ಬರುತ್ತದೆ. ಅದೊಂದೇ ಮಾತನ್ನು ಬರೆದು ನಿಲ್ಲಿಸಬೇಡಿ, ಅಷ್ಟೇ.

ಸುಟ್ಟ ಬೋರ್ಡನ್ನು ಭಂಗಾರಿನವನಿಗೆ ಕೊಡಬೇಡಿ. ಹೇಗೂ ಅದಕ್ಕೆ ಹಣ ಬರುವುದಿಲ್ಲ ಎಂದು ನಾನು ಕೊಡಲಿದ್ದೆ, ಭಾವ ತಡೆದರು. ಬೆಂಕಿ ಎಲ್ಲಿ ಶುರುವಾಯಿತು, ಎಲ್ಲಿ ಶುರುವಾಗಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಹಾರಿದ ತಗಡನ್ನು ಎತ್ತುವ ಮೊದಲು ಬಿದ್ದಲ್ಲೇ ಫೋಟೋ ತೆಗೆಯಿರಿ. ಆ ದಿನದ ಗಾಳಿ ಮಳೆಯ ದಾಖಲೆಯನ್ನು ಹವಾಮಾನ ಇಲಾಖೆಯಿಂದ ಪಡೆಯಬಹುದು. ತೌಕ್ತೆಯಂಥ ಚಂಡಮಾರುತಕ್ಕೆ ಯಾರೂ ಕೇಳಲಿಲ್ಲ, ಆದರೆ ಒಂದು ಸಂಜೆಯ ಸಾಮಾನ್ಯ ಗಾಳಿಮಳೆಗೆ ಅದು ಬೇಕಾಗುತ್ತದೆ.

ಸರ್ವೇಯರು ನನ್ನಲ್ಲಿ ಇನ್ನೊಂದು ಪ್ರಶ್ನೆ ಕೇಳಿದ್ದರು, ಮಾಡಿನ ತಗಡಿನ ಬೋಲ್ಟು ಸಡಿಲ ಇತ್ತೇ, ಬೋರ್ಡು ಅಲ್ಲಿ ಏಕೆ ಇಟ್ಟಿರಿ ಎಂದು. ನನಗೆ ಭಯವಾಯಿತು. ನಮ್ಮ ಅಜಾಗ್ರತೆ ಒಂದಷ್ಟು ಇದ್ದರೂ ಬೆಂಕಿ ವಿಮೆ ಅದಕ್ಕಾಗಿ ಬಿದ್ದುಹೋಗುವುದಿಲ್ಲ, ಬೇಕೆಂದೇ ಹಚ್ಚಿದ್ದರೆ ಮಾತ್ರ ಬೇರೆ ಮಾತು ಎಂದು ಭಾವ ಧೈರ್ಯ ಹೇಳಿದರು. ಬೋಲ್ಟು ಎರಡು ವರ್ಷದಿಂದ ನೋಡಿರಲಿಲ್ಲ ಎಂದು ನಿಜವನ್ನೇ ಹೇಳಿದೆ. ಅದರಿಂದ ಏನೂ ಕಡಿತವಾಗಲಿಲ್ಲ.

ಈಗ ಬೋರ್ಡು ಹಾಲಿನ ಒಳಗೋಡೆಯಲ್ಲಿ, ಸ್ಲ್ಯಾಬಿನ ಕೆಳಗೆ ಇದೆ. ಮೆಷಿನರಿ ಬ್ರೇಕ್‌ಡೌನ್ ಮತ್ತು ಕಳವಿನ ವಿಮೆಯನ್ನೂ ಸೇರಿಸಿದ್ದೇನೆ. ಮಳೆಗಾಲ ಬರುವ ಮೊದಲು ಒಂದು ದಿನ ಗಲ್ಲಾದಲ್ಲಿ ಕೂತಾಗ ನಿಮ್ಮ ಪಾಲಿಸಿ ತೆಗೆದು ಎರಡು ಸಾಲು ಹುಡುಕಿ. ಒಂದು, ವಿದ್ಯುತ್ತಿನ ಸಾಲು, ಅದರ ಬಾಲದವರೆಗೆ. ಇನ್ನೊಂದು, ಎಕ್ಸೆಸ್ ಎಲ್ಲಿ ಎಷ್ಟು ಎಂಬ ಸಾಲು. ಅರ್ಥವಾಗದಿದ್ದರೆ ಏಜೆಂಟರನ್ನು ಕೂರಿಸಿ, ಒಂದು ಕಾಪಿ ಕೊಟ್ಟು ಓದಿಸಿ.